ಬಾದಾಮಿ ಚಿತ್ರ ನೋಡಿ ಪ್ಯಾಕ್ ಕೊಳ್ಳಬೇಡಿ, ತಿರುಗಿಸಿ ಓದಿ

ಮನೆಯಲ್ಲಿ ಯಾರಿಗಾದರೂ ಹಾಲು ಬಿಡಿ ಎಂದು ಡಾಕ್ಟರ್ ಹೇಳಿದ್ದಾರಾ? ಹಾಗಾದರೆ ಅದರ ಬದಲಿಗೆ ಬಾದಾಮಿ, ಓಟ್ಸ್, ಸೋಯಾ ಹಾಲುಗಳಲ್ಲಿ ಯಾವುದು ತರಬೇಕು ಅಂತ ಅಂಗಡಿಯವರ ಮಾತು ಕೇಳಿಕೊಂಡು ತೀರ್ಮಾನ ಮಾಡಬೇಡಿ. ನಮ್ಮ ಮನೆಯಲ್ಲಿ ಆದದ್ದು ಇದು.

ನಮ್ಮ ಅತ್ತೆಗೆ 68 ವರ್ಷ. ಸಕ್ಕರೆ ಕಾಯಿಲೆ ಇದೆ, ಥೈರಾಯ್ಡ್ ಮಾತ್ರೆಯೂ ನಡೀತಿದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣ ಆಗ್ತಿಲ್ಲ, ಹಾಲು ಬಿಟ್ಟು ನೋಡಿ ಎಂದರು ಡಾಕ್ಟರ್. ಪಕ್ಕದ ರಸ್ತೆಯ ಹೆಲ್ತ್ ಸ್ಟೋರಿನಲ್ಲಿ ಕೇಳಿದೆವು. 'ಬಾದಾಮಿದು ತಗೊಳ್ಳಿ ಮೇಡಂ, ಶುಗರ್ ಇರೋರೆಲ್ಲಾ ಇದನ್ನೇ ಒಯ್ಯೋದು, ಪ್ರೋಟೀನೂ ಜಾಸ್ತಿ' ಎಂದು ಅಲ್ಲಿನ ಹುಡುಗ ಪ್ಯಾಕ್ ಕೈಗಿಟ್ಟ. ಮುಂಬದಿಯಲ್ಲಿ ದಪ್ಪ ದಪ್ಪ ಬಾದಾಮಿ, ಪಕ್ಕದಲ್ಲಿ 'ಒರಿಜಿನಲ್' ಎಂಬ ಪದ. ಒರಿಜಿನಲ್ ಅಂದರೆ ಏನೂ ಬೆರೆಸದ್ದು ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

ಅತ್ತೆ ದಿನಾ ಎರಡು ದೊಡ್ಡ ಲೋಟ, ಅಂದಾಜು 400 ಮಿಲಿ ಕುಡಿಯತೊಡಗಿದರು. ಹೊಟ್ಟೆ ಸರಿಹೋಯಿತು. ಆದರೆ ಸಕ್ಕರೆ ಏರಿತು, ಜೊತೆಗೆ ಸುಸ್ತು. ಡಯಟಿಷಿಯನ್ ಪ್ಯಾಕ್ ತರಿಸಿಕೊಂಡು ಹಿಂಬದಿ ತೋರಿಸಿದರು. 100 ಮಿಲಿಗೆ ಸೇರಿಸಿದ ಸಕ್ಕರೆ 5 ಗ್ರಾಂ, ಪ್ರೋಟೀನ್ 0.5 ಗ್ರಾಂ. ಎರಡು ಲೋಟಕ್ಕೆ 20 ಗ್ರಾಂ ಸಕ್ಕರೆ, ಅಂದರೆ ನಾಲ್ಕು ಟೀ ಚಮಚ. ಪ್ರೋಟೀನ್ ಬರೀ 2 ಗ್ರಾಂ. ಅಷ್ಟೇ ಹಸುವಿನ ಹಾಲಿನಲ್ಲಿ 13 ಗ್ರಾಂ ಹತ್ತಿರ ಸಿಗುತ್ತಿತ್ತು. ಮೊಟ್ಟೆ, ಮಾಂಸ ಮುಟ್ಟದವರಿಗೆ ಇದು ಸಣ್ಣ ಲೆಕ್ಕ ಅಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ನೀರು, ಆಮೇಲೆ ಸಕ್ಕರೆ, ಆಮೇಲೆ ಬಾದಾಮಿ, ಅದೂ 2.5 ಶೇಕಡಾ. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕು ಅನ್ನೋದು ನಿಯಮ. ಲೆಕ್ಕ ಹಾಕಿದರೆ ಆ ಎರಡು ಲೋಟದಲ್ಲಿ ಎಂಟು ಬಾದಾಮಿ ಇದ್ದಾವು. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿಂದರೆ ಎಷ್ಟು ಅಗ್ಗ!

ಸಕ್ಕರೆ ಹಾಕದ ಬಾದಾಮಿ ಪ್ಯಾಕ್ ಕೂಡ ಸಿಗುತ್ತದೆ. ಅದರಿಂದ ಸಕ್ಕರೆಯ ತೊಂದರೆ ತಪ್ಪುತ್ತದೆ, ಪ್ರೋಟೀನಿನ ಕೊರತೆ ಹಾಗೇ ಉಳಿಯುತ್ತದೆ.

ಅದೇ ಅಂಗಡಿಯವರು ಆಮೇಲೆ ಓಟ್ಸ್ ಹಾಲು ಕೊಟ್ಟರು. ಮೇಲೆ 'ಸಕ್ಕರೆ ಸೇರಿಸಿಲ್ಲ' ಎಂದಿತ್ತು. ಅದು ಸುಳ್ಳೂ ಅಲ್ಲ. ಆದರೆ ಓಟ್ಸ್ ಹಾಲು ಮಾಡುವಾಗ ಸಾಮಾನ್ಯವಾಗಿ ಕಿಣ್ವ ಹಾಕುತ್ತಾರೆ. ಅದು ಓಟ್ಸಿನ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಹಾಗಾಗಿ ಚಮಚ ಸಕ್ಕರೆ ಹಾಕದಿದ್ದರೂ ಸಿಹಿ ಬರುತ್ತದೆ. ನಾವು ತಂದದ್ದರಲ್ಲಿ 100 ಮಿಲಿಗೆ 'ಸೇರಿಸಿದ ಸಕ್ಕರೆ' ಸೊನ್ನೆ, 'ಒಟ್ಟು ಸಕ್ಕರೆ' 3.5 ಗ್ರಾಂ, ಪ್ರೋಟೀನ್ 1 ಗ್ರಾಂ. ಕಾಫಿಗೆ ಚೆನ್ನಾಗಿ ಹೊಂದುತ್ತದೆ, ಅದಕ್ಕೆ ಕಾರಣ ಅದರಲ್ಲಿ ಸೇರಿಸಿದ ಎಣ್ಣೆ. ತಿಂಡಿಯ ಜೊತೆ ಒಂದು ಲೋಟ ಕುಡಿದ ದಿನ ಅತ್ತೆಯ ಗ್ಲುಕೋಮೀಟರ್ ಮತ್ತೆ ಮೇಲೇರಿತು. ಸಕ್ಕರೆ ಕಾಯಿಲೆ ಇರುವವರು ಒಟ್ಟು ಸಕ್ಕರೆ, ಕಾರ್ಬೋಹೈಡ್ರೇಟ್ ಎರಡೂ ಸಾಲು ನೋಡಲೇಬೇಕು.

ಕೊನೆಗೆ ಡಯಟಿಷಿಯನ್ ಹೇಳಿದ್ದು ಸಕ್ಕರೆ ಹಾಕದ ಸೋಯಾ ಹಾಲು. 100 ಮಿಲಿಗೆ ಪ್ರೋಟೀನ್ 3 ಗ್ರಾಂ, ಒಟ್ಟು ಸಕ್ಕರೆ 1 ಗ್ರಾಂಗಿಂತ ಕಡಿಮೆ. ಪ್ರೋಟೀನಿನಲ್ಲಿ ಹಸುವಿನ ಹಾಲಿನ ಹತ್ತಿರ ಬರುವುದು ಈ ಮೂರರಲ್ಲಿ ಇದೊಂದೇ. ವೆನಿಲ್ಲಾ, ಚಾಕಲೇಟ್ ಸೋಯಾ ಮಾತ್ರ ಬೇಡ, ಅದರಲ್ಲೂ ಸಕ್ಕರೆ ಧಾರಾಳ.

ಸೋಯಾದಲ್ಲೂ ಪೇಚು ಇದೆ. ಹಸಿ ಕಾಳಿನ ವಾಸನೆ ಅಂತ ಅತ್ತೆ ಮೂಗು ಮುರಿದರು. ಬಿಸಿ ಬಿಸಿ ಡಿಕಾಕ್ಷನ್‌ಗೆ ಸುರಿದಾಗ ಒಡೆದು ಚೂರು ಚೂರು ಆಯಿತು. ಕೆಟ್ಟಿದೆ ಅಂತ ಚೆಲ್ಲಬೇಡಿ, ಕಾಫಿಯ ಹುಳಿ ಮತ್ತು ಬಿಸಿಗೆ ಹಾಗಾಗುತ್ತದೆ. ಸೋಯಾ ಹಾಲನ್ನು ಕುದಿಸದೆ ಬೆಚ್ಚಗೆ ಮಾಡಿ, ಸ್ವಲ್ಪ ಆರಿದ ಡಿಕಾಕ್ಷನ್ ಅನ್ನು ನಿಧಾನವಾಗಿ ಅದಕ್ಕೇ ಬಿಟ್ಟರೆ ಒಡೆಯುವುದು ಕಡಿಮೆ. ಥೈರಾಯ್ಡ್ ಮಾತ್ರೆ ದೇಹಕ್ಕೆ ಸೇರುವುದನ್ನು ಸೋಯಾ ತಡೆಯಬಹುದು. ಅದಕ್ಕೆ ಡಾಕ್ಟರ್ ಮಾತ್ರೆಗೂ ಸೋಯಾಕ್ಕೂ ನಾಲ್ಕು ಗಂಟೆ ಅಂತರ ಇಡಿ ಎಂದರು. ಅಂಗಡಿಯಲ್ಲಿ ಈ ಮಾತು ಯಾರೂ ಎತ್ತಲಿಲ್ಲ.

ಪಟ್ಟಿಯಲ್ಲಿ ಜೆಲನ್ ಗಮ್, ಲೆಸಿತಿನ್ ಅಂತ ಇದ್ದರೆ ಗಾಬರಿ ಬೇಡ, ನೀರು ಬೇರೆ, ಗಸಿ ಬೇರೆ ಆಗದಿರಲಿ ಅಂತ ಹಾಕಿರುತ್ತಾರೆ. ಕಿಡ್ನಿ ತೊಂದರೆ ಇರುವವರು ಮಾತ್ರ ಫಾಸ್ಫೇಟ್ ಎಂದಿದ್ದರೆ ಡಾಕ್ಟರನ್ನು ಕೇಳಿ. ಕ್ಯಾಲ್ಸಿಯಂ ಮತ್ತು ಬಿ12 ಸೇರಿಸಿದ್ದಾರಾ ಅಂತಲೂ ಹುಡುಕಿ, ಎಲ್ಲ ಪ್ಯಾಕಿನಲ್ಲೂ ಇರುವುದಿಲ್ಲ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ. ಪ್ರತಿ ಸಲ ಜೋರಾಗಿ ಕುಲುಕಿ ಬಗ್ಗಿಸಿ, ಇಲ್ಲದಿದ್ದರೆ ಅದು ಖಾಲಿ ಪ್ಯಾಕಿನ ಜೊತೆ ಕಸಕ್ಕೆ ಹೋಗುತ್ತದೆ.