ಸಿಇಟಿ ಬರೆಯುವ ಕಿರಿಯರಿಗೆ ಟ್ಯೂಷನ್, ವಾಟ್ಸಾಪ್ ಗುಂಪು, ಭಾನುವಾರದ ಪರೀಕ್ಷೆ: ಮೂರನ್ನೂ ನಡೆಸಿ ನೋಡಿದವನ ಹೋಲಿಕೆ

ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು ಪಡೆದು ಎಂಜಿನಿಯರಿಂಗ್ ಸೇರಿದವರ ಮನೆಗೆ ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಕೇರಿಯ ಯಾರಾದರೊಬ್ಬರು ಬಂದು, “ನಮ್ಮ ಹುಡುಗನಿಗೂ ಸ್ವಲ್ಪ ಹೇಳಿಕೊಡಪ್ಪ” ಎಂದು ಕೇಳುವುದು ನಮ್ಮ ಕಡೆ ವಾಡಿಕೆ. ಶಿವಮೊಗ್ಗದಲ್ಲಿ ಓದುತ್ತಲೇ ದ್ವಿತೀಯ ಪಿಯುಸಿ ಮಕ್ಕಳಿಗಾಗಿ ನಾನು ಸಂಜೆಯ ಟ್ಯೂಷನ್ ಬ್ಯಾಚು, ವಾಟ್ಸಾಪಿನ ಡೌಟು ಗುಂಪು, ಮತ್ತು ಭಾನುವಾರದ ಪರೀಕ್ಷೆಯ ಜೊತೆಗೆ ನಾಲ್ವರ ಓದು ಬಳಗ ಎಂಬ ಮೂರು ಬಗೆಯ ವ್ಯವಸ್ಥೆಗಳನ್ನು ನಡೆಸಿದ್ದೇನೆ. ನನ್ನ ವಿಷಯ ಗಣಿತ, ಸ್ವಲ್ಪ ಮಟ್ಟಿಗೆ ಭೌತಶಾಸ್ತ್ರ. ಆದ್ದರಿಂದ ಮುಂದೆ ಹೇಳುವುದೆಲ್ಲ ಆ ಎರಡಕ್ಕೇ ಸಂಬಂಧಿಸಿದ್ದು.

ಯಾವ ವ್ಯವಸ್ಥೆ ಒಳ್ಳೆಯದೆಂಬುದನ್ನು ಬಹುಮಟ್ಟಿಗೆ ಪರೀಕ್ಷೆಯ ಸ್ವರೂಪವೇ ತೀರ್ಮಾನಿಸುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆಗಳು, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವ ಹೊತ್ತೂ ಸೇರಿ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಸಿಇಟಿ ಅಂಕದ ಪಾಲು ಅರ್ಧ, ಉಳಿದರ್ಧ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದು. ಹೀಗಾಗಿ ಕಿರಿಯರಿಗೆ ಒಂದೇ ಪಾಠವನ್ನು ಎರಡು ರೀತಿಯಲ್ಲಿ ಕಲಿಯಬೇಕಾಗುತ್ತದೆ: ಹಂತಹಂತವಾಗಿ ಬರೆದು ತೋರಿಸುವುದಕ್ಕೊಮ್ಮೆ, ಒಂದು ನಿಮಿಷದಲ್ಲಿ ಉತ್ತರ ಹಿಡಿಯುವುದಕ್ಕೊಮ್ಮೆ. ಮೊದಲನೆಯದನ್ನು ಕಾಲೇಜಿನ ಉಪನ್ಯಾಸಕರು ನನಗಿಂತ ಚೆನ್ನಾಗಿ ಕಲಿಸುತ್ತಾರೆ. ನಾನು ಕೊಡಬಹುದಾದದ್ದು ಏನಾದರೂ ಇದ್ದರೆ ಅದು ಎರಡನೆಯದರಲ್ಲಿ.

ಹಣದ ಲೆಕ್ಕದಲ್ಲಿ ಟ್ಯೂಷನ್ನಿಗೆ ಸಾಟಿಯಿಲ್ಲ. ಮನೆಯ ಮುಂಗೋಣೆಯಲ್ಲಿ ಎಂಟು ಮಕ್ಕಳನ್ನು ಕೂರಿಸಿಕೊಂಡು ತಲೆಗೆ ತಿಂಗಳಿಗೆ ಸಾವಿರದೈನೂರು ರೂಪಾಯಿ ತೆಗೆದುಕೊಂಡರೆ ಹನ್ನೆರಡು ಸಾವಿರ ಕೈಗೆ ಬರುತ್ತದೆ; ಖರ್ಚು ಬೋರ್ಡು ಮತ್ತು ಮಾರ್ಕರಿನದು ಮಾತ್ರ. ಪೋಷಕರಿಗೂ ಅದು ಪರಿಚಿತ ಏರ್ಪಾಡು: ಮಗ ಸಂಜೆ ಆರಕ್ಕೆ ಹೋದ, ಏಳೂವರೆಗೆ ಬಂದ, ದುಡ್ಡು ಕೊಟ್ಟದ್ದಕ್ಕೆ ಲೆಕ್ಕ ಸಿಕ್ಕಿತು. ಆದರೆ ಮೂರು ಬೇರೆ ಬೇರೆ ಕಾಲೇಜುಗಳಿಂದ ಬಂದ ಮಕ್ಕಳು ಒಂದೇ ದಿನ ಮೂರು ಬೇರೆ ಅಧ್ಯಾಯಗಳಲ್ಲಿ ಇರುತ್ತಾರೆ, ಮತ್ತು ಪ್ರತಿಯೊಬ್ಬರಿಗೂ ಮರುದಿನದ ಕ್ಲಾಸ್ ಟೆಸ್ಟಿನದೇ ಚಿಂತೆ. ಹೀಗೆ ಸಿಇಟಿಗೆಂದು ಆರಂಭಿಸಿದ ಬ್ಯಾಚು ಕೆಲವೇ ವಾರಗಳಲ್ಲಿ ಕಾಲೇಜಿನ ಪಾಠವನ್ನೇ ಮತ್ತೊಮ್ಮೆ ಒಪ್ಪಿಸುವ ಬ್ಯಾಚಾಗುತ್ತದೆ. ಇದರ ಜೊತೆಗೆ ನಮ್ಮದೇ ಇಂಟರ್ನಲ್ಸ್ ಇರುವ ವಾರ ತರಗತಿ ತಪ್ಪುತ್ತದೆ, ಮತ್ತು ತಿಂಗಳ ಹಣ ಪಡೆದವನಿಗೆ ಅದನ್ನು ಸರಿದೂಗಿಸುವ ಹೊಣೆ ಇರುತ್ತದೆ.

ಟ್ಯೂಷನ್ನಿನ ದೊಡ್ಡ ಕೊರತೆ ಕಲಿಕೆಯದು, ಮತ್ತು ಅದು ಒಂದು ಲೆಕ್ಕದಿಂದ ಚೆನ್ನಾಗಿ ಕಾಣುತ್ತದೆ. ನಿಶ್ಚಿತ ಅನುಕಲನದ ಅಧ್ಯಾಯದಲ್ಲಿ x ಇರುವಲ್ಲಿ a + b − x ಹಾಕುವ ಗುಣವೊಂದಿದೆ. ಅದನ್ನು ಬಳಸಿ, 0 ಯಿಂದ π/2 ವರೆಗೆ

sin x / (sin x + cos x)

ಇದರ ಅನುಕಲನವನ್ನು ಬೋರ್ಡಿನ ಮೇಲೆ ಮಾಡಿ ತೋರಿಸುತ್ತೇನೆ. x ಬದಲು π/2 − x ಹಾಕಿದಾಗ ಮೇಲಿನ sin x ಎಂಬುದು cos x ಆಗುತ್ತದೆ, ಕೆಳಗಿನ ಮೊತ್ತ ಹಾಗೇ ಉಳಿಯುತ್ತದೆ. ಎರಡನ್ನೂ ಕೂಡಿದರೆ 1, ಹಾಗಾಗಿ ಉತ್ತರ ಮಿತಿಗಳ ಅಂತರದ ಅರ್ಧ, ಅಂದರೆ π/4. ಎಂಟೂ ಮಕ್ಕಳು ತಲೆಯಾಡಿಸುತ್ತಾರೆ, ಎಂಟು ಪುಸ್ತಕಗಳಲ್ಲೂ ಅದು ಅಚ್ಚುಕಟ್ಟಾಗಿ ದಾಖಲಾಗುತ್ತದೆ. ಅವರಿಗೆ ಅರ್ಥವಾದದ್ದು ಗುಣವೋ, ಬರೀ ‘ಅರ್ಧ ಮಾಡು’ ಎಂಬ ಸೂತ್ರವೋ ಎಂಬುದು ಟ್ಯೂಷನ್ನಿನಲ್ಲಿ ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಲೆಕ್ಕ ಮಾಡುತ್ತಿರುವವನು ನಾನು. ರ‍್ಯಾಂಕು ಪಡೆದವರಿಗೆ ಈ ಅಪಾಯ ಇನ್ನೂ ಹೆಚ್ಚು: ನಮಗೆ ಸರಾಗವಾದ ಹಂತವನ್ನು ನಾವು ಹೇಳದೆಯೇ ದಾಟಿಬಿಡುತ್ತೇವೆ, ಕೇಳುವ ಧೈರ್ಯ ಕಿರಿಯರಿಗೆ ಇರುವುದಿಲ್ಲ.

ವಾಟ್ಸಾಪ್ ಗುಂಪಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಖರ್ಚಿಲ್ಲ, ಸೇರಿಸುವುದು ಸುಲಭ, ಬಲುಬೇಗ ನೂರು ಜನರಾಗುತ್ತಾರೆ, ಅವರಲ್ಲಿ ಪ್ರಶ್ನೆ ಕೇಳುವವರು ಐದಾರು ಮಂದಿ. ರಾತ್ರಿ ಹನ್ನೊಂದಕ್ಕೆ ಲೆಕ್ಕವೊಂದರ ಮಸುಕಾದ ಫೋಟೋ ಬರುತ್ತದೆ, ನಾನು ಬಿಡಿಸಿ ಹಾಕುತ್ತೇನೆ, ಅದಕ್ಕೊಂದು ಹೆಬ್ಬೆರಳು ಬರುತ್ತದೆ. ಮರುವಾರ ಅದೇ ಪುಟದ ಅದೇ ಲೆಕ್ಕ ಇನ್ನೊಬ್ಬರಿಂದ ಬರುತ್ತದೆ. ಕೇಳುವ ಮುನ್ನ ತಾನು ಎಲ್ಲಿಯವರೆಗೆ ಮಾಡಿದೆ ಎಂಬುದರ ಫೋಟೋವನ್ನೂ ಹಾಕಬೇಕೆಂದು ನಿಯಮ ಮಾಡಿದ ಮೇಲೆ ಪ್ರಶ್ನೆಗಳು ಅರ್ಧಕ್ಕಿಳಿದವು, ಉಳಿದವು ಬೆಲೆಯುಳ್ಳವಾದವು. ಇದನ್ನು ಇನ್ನೊಂದು ವ್ಯವಸ್ಥೆಯ ಬಾಲವಾಗಿ ಇಟ್ಟುಕೊಳ್ಳಬಹುದೇ ಹೊರತು ಇದೊಂದನ್ನೇ ನಡೆಸಿ ಹಣ ಕೇಳುವುದು ಕಷ್ಟ.

ಮೂರನೆಯದಕ್ಕೆ ಶ್ರಮ ಹೆಚ್ಚು, ಮತ್ತು ಆ ಶ್ರಮದ ಬಹುಭಾಗ ಪ್ರಶ್ನೆಪತ್ರಿಕೆ ಮಾಡುವುದರಲ್ಲೇ ಹೋಗುತ್ತದೆ. ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂ ಐವತ್ತರವರೆಗೆ ನಿಜವಾದ ಸಿಇಟಿಯ ಅವಧಿಯಲ್ಲೇ ಒಂದು ವಿಷಯದ ಪರೀಕ್ಷೆ. ಓಎಂಆರ್ ಹಾಳೆ, ಕಪ್ಪು ಅಥವಾ ನೀಲಿ ಪೆನ್ನು, ಗೋಡೆಗೊಂದು ಗಡಿಯಾರ. ಹಳೆಯ ಪ್ರಶ್ನೆಗಳಿಗೆ ಪ್ರಾಧಿಕಾರದ ಹಿಂದಿನ ವರ್ಷಗಳ ಪತ್ರಿಕೆಗಳು ಸಾಕು. ಖಾಸಗಿ ಕೋಚಿಂಗಿನ ಮಾಡ್ಯೂಲುಗಳನ್ನು ಝೆರಾಕ್ಸ್ ಮಾಡಿ ಹಂಚಿ ಹಣ ಪಡೆಯುವುದು ಹಕ್ಕುಸ್ವಾಮ್ಯದ ಉಲ್ಲಂಘನೆ. ಆದರೆ ಹಳೆಯ ಪತ್ರಿಕೆಯನ್ನು ಇದ್ದ ಹಾಗೆಯೇ ಕೊಡುವಂತಿಲ್ಲ. ಎನ್‌ಸಿಇಆರ್‌ಟಿ ಪಠ್ಯಗಳಿಂದ ಹಲವು ಭಾಗಗಳನ್ನು ತೆಗೆದ ಮೇಲೆ, ಉದಾಹರಣೆಗೆ ರಸಾಯನಶಾಸ್ತ್ರದ ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಾಲಿಮರುಗಳು ಹೊರಗುಳಿದ ಮೇಲೆ, ಹಳೆಯ ಪತ್ರಿಕೆಗಳ ಒಂದಷ್ಟು ಪ್ರಶ್ನೆಗಳು ಈಗಿನ ಮಕ್ಕಳಿಗೆ ಅನ್ವಯಿಸುವುದಿಲ್ಲ. 2024ರ ಸಿಇಟಿಯಲ್ಲೇ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗದ್ದಲವಾಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಆದ್ದರಿಂದ ಈಗಿನ ಪಠ್ಯಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಪ್ರಶ್ನೆಯನ್ನೂ ಸೋಸಬೇಕು.

ಪರೀಕ್ಷೆ ಮುಗಿದ ಮೇಲಿನ ಒಂದೂವರೆ ಗಂಟೆಯೇ ಇಡೀ ವ್ಯವಸ್ಥೆಯ ತಿರುಳು. ಮಕ್ಕಳು ಕೀ ಉತ್ತರ ನೋಡಿ ತಾವೇ ತಿದ್ದಿಕೊಂಡು, ಪ್ರತಿ ತಪ್ಪಿನ ಮುಂದೆ ಅದರ ಜಾತಿಯನ್ನು ಬರೆಯುತ್ತಾರೆ: ವಿಷಯ ಗೊತ್ತಿರಲಿಲ್ಲ, ಗೊತ್ತಿದ್ದೂ ಲೆಕ್ಕ ತಪ್ಪಿತು, ಪ್ರಶ್ನೆ ಓದಿದ್ದು ತಪ್ಪು, ಸಮಯ ಸಾಲಲಿಲ್ಲ. ಆಮೇಲೆ ನಾಲ್ಕು ನಾಲ್ಕು ಜನರ ಬಳಗವಾಗಿ ಕೂರುತ್ತಾರೆ. ಬಳಗವನ್ನು ಅಂಕಗಳ ಪ್ರಕಾರ ಮಾಡಬಾರದು, ತಪ್ಪುಗಳು ಬೇರೆ ಬೇರೆಯಾಗಿರುವವರನ್ನು ಕೂಡಿಸಬೇಕು. ಒಬ್ಬರ ತಪ್ಪನ್ನು ಸರಿಯಾಗಿ ಮಾಡಿದ ಇನ್ನೊಬ್ಬರು ಅದೇ ಬಳಗದಲ್ಲಿ ಇದ್ದಾಗ ಮಾತ್ರ ಮಾತು ನಡೆಯುತ್ತದೆ. ಯಾರೂ ಬಿಡಿಸಲಾಗದ ಪ್ರಶ್ನೆ ಮಾತ್ರ ನನ್ನ ಬಳಿ ಬರುತ್ತದೆ.

ಅದೇ ಅನುಕಲನವನ್ನು ಒಂದು ಭಾನುವಾರ ಎರಡು ವೇಷಗಳಲ್ಲಿ ಇಟ್ಟಿದ್ದೆ. ಮೊದಲನೆಯದು π/6 ರಿಂದ π/3 ವರೆಗೆ √tan x / (√tan x + √cot x). ಮಿತಿಗಳ ಮೊತ್ತ π/2 ಆಗಿರುವುದರಿಂದ ಗುಣ ನೇರವಾಗಿ ಅನ್ವಯಿಸಿ ಉತ್ತರ π/12 ಬರುತ್ತದೆ. ಎರಡನೆಯದು ಬೋರ್ಡಿನ ಮೇಲೆ ಮಾಡಿದ್ದ ಫಲನವೇ, ಮೇಲಿನ ಮಿತಿ ಮಾತ್ರ π/3. ಆಯ್ಕೆಗಳಲ್ಲಿ ಬೇಕೆಂದೇ π/6 ಅನ್ನು ಸೇರಿಸಿದ್ದೆ. ಬಹುಪಾಲು ಮಕ್ಕಳು ಎರಡಕ್ಕೂ ‘ಅಂತರದ ಅರ್ಧ’ ಹಾಕಿ, ಮೊದಲನೆಯದರಲ್ಲಿ ಅಂಕ ಪಡೆದು ಎರಡನೆಯದರಲ್ಲಿ ಸಿಕ್ಕಿಬಿದ್ದರು. ಬಳಗದಲ್ಲಿ ಒಬ್ಬ ಹುಡುಗಿ ಮಾತ್ರ, “ಕೂಡಿದರೆ π/3 ತಾನೇ ಬರೋದು? ಆಗ sin ಹೋಗಿ cos ಆಗಲ್ಲವಲ್ಲ” ಎಂದಳು. ಉಳಿದವರು x ಬದಲು π/3 − x ಹಾಕಿ ನೋಡಿ ಒಪ್ಪಿಕೊಂಡ ಮೇಲೆ, ಆಕೆಯೇ ಮೇಲಿನ sin x ಅನ್ನು ಕೆಳಗಿನ ಮೊತ್ತ ಮತ್ತು ಅದರ ಅವಕಲನದ ರೂಪದಲ್ಲಿ ಒಡೆದು ಉತ್ತರ ತಂದಳು:

π/6 − ½ ln((√3 + 1)/2)

ಟ್ಯೂಷನ್ನಿನಲ್ಲಿ ಇದನ್ನು ನಾನೇ ಎಚ್ಚರಿಕೆಯಾಗಿ ಹೇಳಿದ್ದೆ. ಅದು ಎಂಟು ಪುಸ್ತಕಗಳಲ್ಲಿ ಉಳಿದಿತ್ತು ಅಷ್ಟೆ. ಮೂರು ವಾರ ಬಿಟ್ಟು ಮಿತಿಗಳನ್ನು ಬದಲಿಸಿ ಮತ್ತೆ ಕೇಳಿದಾಗ, ತಾವೇ ಸಿಕ್ಕಿಬಿದ್ದು ಬಿಡಿಸಿಕೊಂಡಿದ್ದವರು ಮೊದಲು ಮಿತಿಗಳನ್ನು ಕೂಡಿ ನೋಡಿದರು. ಯಾವ ವ್ಯವಸ್ಥೆಯಿಂದ ಕಲಿಕೆಯಾಗುತ್ತಿದೆ ಎಂಬುದನ್ನು ತಿಳಿಯಲು ಒಟ್ಟು ಅಂಕಕ್ಕಿಂತ ಈ ಮರುಪ್ರಶ್ನೆಯೇ ನಂಬಿಕೆಗೆ ಅರ್ಹ, ಏಕೆಂದರೆ ಪತ್ರಿಕೆ ಸುಲಭವಾದ ವಾರ ಎಲ್ಲರ ಅಂಕವೂ ಏರುತ್ತದೆ. ಖಾಲಿ ಬಿಟ್ಟ ವೃತ್ತಗಳನ್ನೂ ಎಣಿಸಬೇಕು; ಕಳೆಯುವ ಅಂಕವಿಲ್ಲದ ಪರೀಕ್ಷೆಯಲ್ಲಿ ಎಂಟು ಪ್ರಶ್ನೆ ಖಾಲಿ ಬಿಟ್ಟವನು ಬರೀ ಊಹೆಯಿಂದಲೂ ಸರಾಸರಿ ಎರಡು ಅಂಕ ಪಡೆಯಬಹುದಿತ್ತು.

ಹಣದ ವಿಷಯದಲ್ಲಿ ಮಾತ್ರ ಇದು ಬಡ ವ್ಯವಸ್ಥೆ. ಇಪ್ಪತ್ತು ಮಕ್ಕಳಿಂದ ಪರೀಕ್ಷೆಗೆ ಐವತ್ತು ರೂಪಾಯಿಯಂತೆ ನಾಲ್ಕು ಭಾನುವಾರಕ್ಕೆ ನಾಲ್ಕು ಸಾವಿರ ಬರುತ್ತದೆ. ತಲೆಗೆ ಇಪ್ಪತ್ತು ರೂಪಾಯಿಯ ಝೆರಾಕ್ಸಿಗೆ ಸಾವಿರದ ಆರುನೂರು, ಕೋಣೆಯ ಬಾಡಿಗೆಗೆ ಎಂಟುನೂರು ಹೋದರೆ ಉಳಿಯುವುದು ಸಾವಿರದ ಆರುನೂರು. “ಪರೀಕ್ಷೆ ಬರೆಯೋಕೂ ದುಡ್ಡಾ?” ಎಂಬ ಪೋಷಕರ ಪ್ರಶ್ನೆಗೆ ಡಿಸೆಂಬರಿನಲ್ಲಿ ಉತ್ತರವಿಲ್ಲ. ಆದರೆ ಮಾರ್ಚಿನಲ್ಲಿ ಪಿಯುಸಿ ಪರೀಕ್ಷೆ ಮುಗಿದು ಏಪ್ರಿಲಿನ ಸಿಇಟಿಗೆ ಮೂರು ನಾಲ್ಕು ವಾರ ಉಳಿಯುವ ಅವಧಿಯಲ್ಲಿ ಅದೇ ಪೋಷಕರು ಎಂಟು ಪರೀಕ್ಷೆಗಳ ಕಂತೆಗೆ ಸಾವಿರ ರೂಪಾಯಿಯನ್ನು ಚರ್ಚೆಯಿಲ್ಲದೆ ಕೊಡುತ್ತಾರೆ. ಆದ್ದರಿಂದ ಹಣ ಬೇಕೇಬೇಕಾದ ಟಾಪರು ಜೂನಿನಿಂದ ಡಿಸೆಂಬರಿನವರೆಗೆ ಒಂದು ಚಿಕ್ಕ ಟ್ಯೂಷನ್ ಬ್ಯಾಚು ನಡೆಸಿ, ಆ ಅವಧಿಯಲ್ಲೇ ವಾರಕ್ಕೆ ಹತ್ತಿಪ್ಪತ್ತು ಪ್ರಶ್ನೆ ಸೋಸಿಟ್ಟುಕೊಂಡು, ಜನವರಿಯಿಂದ ಪರೀಕ್ಷೆಗೆ ಹೊರಳುವುದು ಲೇಸು. ಇಂಥ ಕೆಲಸ ಐವತ್ತು ಮಕ್ಕಳನ್ನು ದಾಟಿದರೆ ಕೇಂದ್ರ ಶಿಕ್ಷಣ ಸಚಿವಾಲಯದ ಜನವರಿ 2024ರ ಮಾರ್ಗಸೂಚಿಯ ಪ್ರಕಾರ ಅದು ಕೋಚಿಂಗ್ ಕೇಂದ್ರವೆನಿಸಿಕೊಳ್ಳುತ್ತದೆ ಎಂಬುದೂ ತಿಳಿದಿರಲಿ.

ನೀಟ್ ಬರೆಯುವವರನ್ನು ನಾನು ಈ ಭಾನುವಾರದ ಪರೀಕ್ಷೆಗೆ ಸೇರಿಸಿಕೊಳ್ಳುವುದಿಲ್ಲ. ಅಲ್ಲಿ ಸರಿಯುತ್ತರಕ್ಕೆ ನಾಲ್ಕು, ತಪ್ಪಿಗೆ ಕಳೆಯುವುದು ಒಂದು. ಅರ್ಧ ಪತ್ರಿಕೆ ಜೀವಶಾಸ್ತ್ರದ್ದು, ಗಣಿತವೇ ಇಲ್ಲ. ಯಾವುದನ್ನು ಬಿಡಬೇಕೆಂದು ನೀಟಿಗೆ ಕಲಿಯಬೇಕು, ಯಾವುದನ್ನೂ ಬಿಡಬಾರದೆಂದು ಸಿಇಟಿಗೆ. ಆ ಮಕ್ಕಳು ಕೇಳಿಕೊಂಡು ಬಂದರೆ ನಮ್ಮ ಊರಿನಲ್ಲೇ ವೈದ್ಯಕೀಯ ಓದುತ್ತಿರುವ, ಇದೇ ರೀತಿಯ ಬಳಗವನ್ನು ಶನಿವಾರ ನಡೆಸುವ ಅಕ್ಕನೊಬ್ಬರ ಬಳಿಗೆ ಕಳುಹಿಸುತ್ತೇನೆ.