ಪಠ್ಯಪುಸ್ತಕದ ನೋಟ್ಸನ್ನು ಕಾರ್ನೆಲ್ ರೀತಿಗೆ ತರುವುದು: ಮೂರು ದಾರಿ, ಒಂದೇ ಅಧ್ಯಾಯ

ನನ್ನ ಅಕ್ಕನ ಮಗಳು ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ಅಕೌಂಟೆನ್ಸಿಯಲ್ಲಿ ಡಿಪ್ರಿಸಿಯೇಷನ್, ಅಂದರೆ ಸವಕಳಿ ಅಧ್ಯಾಯದ ನೋಟ್ಸ್ ಅವಳ ಹತ್ತಿರ ಮುದ್ದಾದ ಅಕ್ಷರದಲ್ಲಿ ಇತ್ತು. ಪುಸ್ತಕ ಮುಚ್ಚಿಸಿ ಕೇಳಿದರೆ ಮಾತ್ರ ಉತ್ತರ ಬರುತ್ತಿರಲಿಲ್ಲ. ಆ ನೋಟ್ಸನ್ನು ಕಾರ್ನೆಲ್ ರೀತಿಗೆ ತರೋಣ ಅಂತ ಇಬ್ಬರೂ ಕೂತೆವು. ಮೂರು ದಾರಿ ಪ್ರಯತ್ನಿಸಿದೆವು, ಅವುಗಳ ಹೋಲಿಕೆ ಇದು.

ಗೊತ್ತಿಲ್ಲದವರಿಗೆ ಎರಡು ಮಾತು. ಈ ರೀತಿಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದರು. ಹಾಳೆಯ ಎಡಕ್ಕೆ ಸುಮಾರು ಎರಡೂವರೆ ಇಂಚಿನ ಸುಳಿವಿನ ಅಂಕಣ, ಬಲಕ್ಕೆ ಆರು ಇಂಚಿನ ನೋಟ್ಸ್ ಅಂಕಣ, ಕೆಳಗೆ ಎರಡು ಇಂಚು ಸಾರಾಂಶಕ್ಕೆ. ಬಲಭಾಗವನ್ನು ಮುಚ್ಚಿ, ಎಡಗಡೆಯ ಸುಳಿವು ನೋಡಿ ಉತ್ತರವನ್ನು ಬಾಯಿಬಿಟ್ಟು ಹೇಳಬೇಕು. ಇದರ ಪ್ರಾಣ ಇರುವುದು ಇಲ್ಲೇ. ಗೆರೆ ಎಳೆದು ಈ ಕೆಲಸ ಬಿಟ್ಟರೆ ಅದು ಬರೀ ಚೆಂದದ ಹಾಳೆ.

ಇನ್ನೊಂದು ವಿಷಯ ಗಮನಿಸಬೇಕು. ತರಗತಿಯ ಪಾಠ ಒಮ್ಮೆ ಹೇಳಿದರೆ ಮುಗೀತು, ಅದನ್ನು ಹಿಡಿದಿಡಲು ಬಲ ಅಂಕಣ ಬೇಕು. ಪಠ್ಯಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ. ಅವಳೂ ಇದನ್ನೇ ಕೇಳಿದಳು: “ಚಿಕ್ಕಮ್ಮ, ಇದೆಲ್ಲಾ ಪುಸ್ತಕದಲ್ಲೇ ಇದೆಯಲ್ವಾ, ಮತ್ತೆ ಯಾಕೆ ಬರೀಬೇಕು?” ಸರಿಯಾದ ಪ್ರಶ್ನೆ. ಮೂರೂ ದಾರಿಗಳನ್ನು ನಾನು ಅಳೆದದ್ದು ಇದರಿಂದಲೇ: ಸಮಯ ನಕಲು ಮಾಡುವುದಕ್ಕೆ ಹೋಯಿತೋ, ಪ್ರಶ್ನೆ ಹುಟ್ಟಿಸುವುದಕ್ಕೆ ಹೋಯಿತೋ?

ಮೊದಲ ದಾರಿ: ಹೊಸ ಹಾಳೆಯಲ್ಲಿ ಪೂರ್ತಿ ತಿರುಗಿ ಬರೆಯುವುದು

ಎ4 ಹಾಳೆಯಲ್ಲಿ ಎಡದಿಂದ 6 ಸೆಂ.ಮೀ.ಗೆ ಒಂದು ಗೆರೆ, ಕೆಳಗಿನಿಂದ 5 ಸೆಂ.ಮೀ.ಗೆ ಇನ್ನೊಂದು. ನೋಟ್‌ಬುಕ್ಕಿನಲ್ಲಿ ಮೊದಲೇ ಅಚ್ಚಾಗಿರುವ ಮಾರ್ಜಿನ್ ಸಾಲದು, ಅದರಲ್ಲಿ ಒಂದು ಪೂರ್ತಿ ಪ್ರಶ್ನೆ ಹಿಡಿಯುವುದಿಲ್ಲ.

ಇದರ ಲಾಭ ಅಂದರೆ ನೋಟ್ಸ್ ಕುಗ್ಗಲೇಬೇಕಾಗುತ್ತದೆ. ಅಂಕಣ ಕಿರಿದಾದಾಗ ಪುಸ್ತಕದ ಉದ್ದ ವಾಕ್ಯ ತಾನಾಗಿ ಮುರಿಯುತ್ತದೆ. ಹಳೆಯ ನೋಟ್ಸಿನಲ್ಲಿ ಅರ್ಧ ಪುಟ ತುಂಬಿದ್ದ ಸವಕಳಿಯ ಕಾರಣಗಳು ಮೂರು ಸಾಲಿಗೆ ಬಂದವು: ಬಳಕೆಯಿಂದ ಸವೆಯುವುದು, ಕಾಲ ಕಳೆಯುವುದು, ಹೊಸ ತಂತ್ರಜ್ಞಾನ ಬಂದು ಹಳೆಯದು ಕೆಲಸಕ್ಕೆ ಬಾರದಾಗುವುದು. ಪುಟ ತುಂಬಿದಾಗ ನಿಲ್ಲಿಸಬಾರದು, ವಿಷಯ ಮುಗಿದಾಗ ನಿಲ್ಲಿಸಬೇಕು. ಇಲ್ಲದಿದ್ದರೆ ಸಾರಾಂಶ ಅರ್ಧ ವಿಷಯಕ್ಕೆ ಬರೆದಂತಾಗುತ್ತದೆ.

ತೊಂದರೆ ಏನೆಂದರೆ ಇದಕ್ಕೆ ಸಮಯ ತುಂಬಾ ಬೇಕು, ಮತ್ತು ಅದರಲ್ಲಿ ಬಹುಪಾಲು ಬಲ ಅಂಕಣವೇ ತಿಂದುಹಾಕುತ್ತದೆ. ಸುಳಿವು ಬರೆಯುವ ಹೊತ್ತಿಗೆ ಕೈ ಸೋತಿರುತ್ತದೆ. ಆಗ ಎಡಗಡೆ ಬರುವುದು “ಅರ್ಥ”, “ಕಾರಣಗಳು”, “ವಿಧಾನಗಳು” ಅನ್ನೋ ತಲೆಬರಹಗಳು. ಇವನ್ನು ನೋಡಿ ಯಾರೂ ಯೋಚಿಸಬೇಕಾಗಿಲ್ಲ.

ಎರಡನೇ ದಾರಿ: ಹಳೆಯ ನೋಟ್ಸ್ ಹಾಗೇ ಇಟ್ಟು, ಎಡಪುಟದಲ್ಲಿ ಸುಳಿವು

ಅವಳು ಬಲಪುಟದಲ್ಲಿ ಮಾತ್ರ ಬರೆಯುತ್ತಿದ್ದಳು, ಎಡಪುಟ ಖಾಲಿ ಇತ್ತು. ಅದನ್ನೇ ಸುಳಿವಿನ ಅಂಕಣ ಮಾಡಿಕೊಂಡೆವು. ಬಲಪುಟದಲ್ಲಿ ವಿಷಯ ಎಲ್ಲಿದೆಯೋ ಅದೇ ಎತ್ತರಕ್ಕೆ ಎಡಪುಟದಲ್ಲಿ ಪ್ರಶ್ನೆ. ಎಡಪುಟದ ಕೆಳಭಾಗ ಸಾರಾಂಶಕ್ಕೆ. ಎರಡೂ ಕಡೆ ಬರೆಯುವವರು 6 ಸೆಂ.ಮೀ. ಅಗಲದ ಕಾಗದದ ಪಟ್ಟಿಯನ್ನು ಪುಟದ ಅಂಚಿಗೆ ಅಂಟಿಸಿಕೊಳ್ಳಬಹುದು.

ನಕಲು ಕೆಲಸ ಇಲ್ಲ, ಆದ್ದರಿಂದ ಪೂರ್ತಿ ಸಮಯ ಪ್ರಶ್ನೆಗೇ ಸಿಗುತ್ತದೆ. ಅವಳ ಪುಟದ ಒಂದು ಲೆಕ್ಕ ನೋಡಿ. ಯಂತ್ರದ ಬೆಲೆ ₹1,00,000, ಅಳವಡಿಸುವ ಖರ್ಚು ₹10,000, ಸ್ಕ್ರ್ಯಾಪ್ ಬೆಲೆ ₹10,000, ಬಾಳಿಕೆ 10 ವರ್ಷ. ಸ್ಟ್ರೈಟ್ ಲೈನ್ ವಿಧಾನದಲ್ಲಿ 1,10,000ದಿಂದ 10,000 ಕಳೆದು 10ರಿಂದ ಭಾಗಿಸಿದರೆ ವರ್ಷಕ್ಕೆ ₹10,000. ಅದೇ ಯಂತ್ರಕ್ಕೆ ರಿಟನ್ ಡೌನ್ ವ್ಯಾಲ್ಯೂ ವಿಧಾನದಲ್ಲಿ, ಅಂದರೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ, 10% ಹಾಕಿದರೆ ಮೊದಲ ವರ್ಷ ₹11,000, ಎರಡನೇ ವರ್ಷ ₹9,900, ಮೂರನೇ ವರ್ಷ ₹8,910.

ಇದರ ಎದುರಿಗೆ ಅವಳು ಮೊದಲು ಬರೆದ ಸುಳಿವು: “ಎರಡು ವಿಧಾನಗಳು”. ಅದನ್ನು ಹೊಡೆದುಹಾಕಿಸಿ, ಲೆಕ್ಕದ ಒಂದೊಂದು ಹೆಜ್ಜೆಗೂ “ಯಾಕೆ?” ಅಂತ ಕೇಳಿಕೊಳ್ಳಲು ಹೇಳಿದೆ. ಆಗ ಬಂದವು ಇವು:

- ಅಳವಡಿಸುವ ಖರ್ಚನ್ನು ಬೆಲೆಗೆ ಯಾಕೆ ಸೇರಿಸಬೇಕು?
- ಎರಡನೇ ವರ್ಷದ 10% ಯಾವ ಮೊತ್ತದ ಮೇಲೆ?
- ರಿಟನ್ ಡೌನ್ ವ್ಯಾಲ್ಯೂನಲ್ಲಿ ಯಂತ್ರದ ಬೆಲೆ ಎಂದಾದರೂ ಸೊನ್ನೆ ಆಗುತ್ತಾ?
- ಸವಕಳಿ ಖರ್ಚು ಬರೆದಾಗ ಕೈಯಿಂದ ಹಣ ಹೋಗುತ್ತಾ?

ಕೊನೆಯ ಪ್ರಶ್ನೆಗೆ ಉತ್ತರ ಅವಳ ನೋಟ್ಸಿನಲ್ಲಿ ಇರಲೇ ಇಲ್ಲ. ಪುಸ್ತಕ ತೆಗೆದು ನೋಡಿ, ಹಣ ಹೋದದ್ದು ಯಂತ್ರ ಕೊಂಡಾಗ, ಈಗ ಬರೆಯುತ್ತಿರುವುದು ಆ ವೆಚ್ಚದ ಒಂದು ಪಾಲನ್ನು ಮಾತ್ರ ಅಂತ ಬಲಪುಟಕ್ಕೆ ಸೇರಿಸಿದಳು. ನೋಟ್ಸ್ ಎಲ್ಲಿ ಟೊಳ್ಳು ಅಂತ ತೋರಿಸುವುದು ಇಂಥ ಪ್ರಶ್ನೆಯೇ.

ಸಾರಾಂಶಕ್ಕೂ ಇದೇ ಮಾತು. ಪುಸ್ತಕದ ವ್ಯಾಖ್ಯೆಯನ್ನೇ ಇಳಿಸಿದ್ದರೆ ಅದು ಸಾರಾಂಶ ಅಲ್ಲ. ಅವಳು ಬರೆದದ್ದು ನನಗೆ ತುಂಬಾ ಇಷ್ಟವಾಯಿತು: “ಆಸ್ತಿಯ ವೆಚ್ಚವನ್ನು ಅದು ಬಾಳುವ ವರ್ಷಗಳಿಗೆ ಹಂಚುವುದು ಸವಕಳಿ. ಒಂದು ವಿಧಾನದಲ್ಲಿ ಪ್ರತಿ ವರ್ಷ ಒಂದೇ ಮೊತ್ತ, ಇನ್ನೊಂದರಲ್ಲಿ ಒಂದೇ ದರ.”

ಈ ದಾರಿಯ ಮಿತಿಯೂ ಇದೆ. ಬಲಪುಟದ ನೋಟ್ಸ್ ಕೆಟ್ಟದಾಗಿದ್ದರೆ ಅದು ಹಾಗೇ ಉಳಿಯುತ್ತದೆ. ಒಂದೇ ಪ್ಯಾರಾದಲ್ಲಿ ನಾಲ್ಕು ವಿಷಯ ಕಲಸಿದ್ದರೆ ಯಾವ ಸಾಲಿನ ಎದುರು ಪ್ರಶ್ನೆ ಬರೆಯುವುದು ಅಂತಲೇ ತಿಳಿಯುವುದಿಲ್ಲ.

ಮೂರನೇ ದಾರಿ: ಗೂಗಲ್ ಡಾಕ್ಸ್‌ನಲ್ಲಿ ಟೇಬಲ್

`Insert > Table` ಒತ್ತಿ ಎರಡು ಅಂಕಣ, ಎರಡು ಸಾಲು ತೆಗೆದುಕೊಂಡು, ಕೆಳಗಿನ ಸಾಲಿನ ಎರಡೂ ಕೋಶಗಳನ್ನು ಒಂದು ಮಾಡಿದರೆ ಹಾಳೆ ಸಿದ್ಧ. ತಿದ್ದುವುದು ಸುಲಭ, ಗೆಳತಿಯರಿಗೆ ಕಳಿಸುವುದೂ ಸುಲಭ.

ಅಕೌಂಟೆನ್ಸಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಲೆಡ್ಜರ್ ಖಾತೆಯನ್ನು ಟೇಬಲ್ಲಿನ ಒಳಗೆ ಇನ್ನೊಂದು ಟೇಬಲ್ ಮಾಡಿ ತುಂಬಿಸಬೇಕು, ಮೊಬೈಲಿನಲ್ಲಿ ನೋಡಿದರೆ ಅಂಕಣಗಳು ಹಿಂಡಿಹೋಗುತ್ತವೆ. ಪಿಡಿಎಫ್‌ನಿಂದ ಕಾಪಿ ಮಾಡಿ ಅಂಟಿಸುವ ಆಸೆ ಬೇರೆ. ಬಲ ಅಂಕಣ ಪುಸ್ತಕದಷ್ಟೇ ಉದ್ದ ಆಯಿತು ಅಂದರೆ ಹಾದಿ ತಪ್ಪಿದೆ ಅಂತಲೇ ಅರ್ಥ. ಉತ್ತರ ಮುಚ್ಚುವುದಕ್ಕೂ ತೆರೆಯ ಮೇಲೆ ಕಾಗದ ಹಿಡಿಯಬೇಕು, ಅಕ್ಷರಕ್ಕೆ ಬಿಳಿ ಬಣ್ಣ ಹಾಕಬೇಕು. ಇಷ್ಟು ರಗಳೆ ಇದ್ದರೆ ಮಕ್ಕಳು ಮುಚ್ಚುವುದನ್ನೇ ಬಿಟ್ಟುಬಿಡುತ್ತಾರೆ. ಬರೀ ಥಿಯರಿ ಇರುವ ವಿಷಯಕ್ಕಾದರೆ ಪರವಾಗಿಲ್ಲ.

ಹಾಗಾಗಿ ನನ್ನ ಆಯ್ಕೆ ಎರಡನೇ ದಾರಿ. ಮೊದಲನೆಯದು ನೋಟ್ಸ್ ತೀರಾ ಕಲಸುಮೇಲೋಗರ ಆಗಿರುವ ಪುಟಗಳಿಗೆ ಮಾತ್ರ. ಇಡೀ ಅಧ್ಯಾಯಕ್ಕೆ ಅದನ್ನು ಹಿಡಿದರೆ ಪರೀಕ್ಷೆ ಹತ್ತಿರ ಬಂದಾಗ ಅರ್ಧಕ್ಕೇ ನಿಲ್ಲುತ್ತದೆ.

ಸುಳಿವನ್ನು ನೋಟ್ಸ್ ಬರೆದ ಕೂಡಲೇ ಬರೆಯಬೇಡಿ, ಮಾರನೇ ದಿನ ಬರೆಯಿರಿ. ಅದೇ ದಿನ ಎಲ್ಲವೂ ಅರ್ಥವಾದಂತೆ ಕಾಣುತ್ತದೆ, ಪ್ರಶ್ನೆ ಹುಟ್ಟುವುದಿಲ್ಲ. ಪುಟಕ್ಕೆ ನಾಲ್ಕೈದು ಪ್ರಶ್ನೆ ಸಾಕು. ಲೆಕ್ಕದ ಪುಟಗಳಲ್ಲಿ ಇನ್ನೊಂದು ಎಚ್ಚರ: ಸುಳಿವಿಗೆ ಬಾಯಲ್ಲಿ ಉತ್ತರ ಹೇಳಿದರೆ ಲೆಕ್ಕ ಬಂದಂತೆ ಅಲ್ಲ. ಅದಕ್ಕೇ ಸವಕಳಿಯ ಪುಟದಲ್ಲಿ ಕೊನೆಯ ಸುಳಿವಾಗಿ ಅವಳು ಅಂಕಿಗಳನ್ನಷ್ಟೇ ಬರೆದಿಟ್ಟಿದ್ದಾಳೆ, ಬೆಲೆ, ಖರ್ಚು, ದರ, ಅಷ್ಟೇ. ಬಲಪುಟ ಮುಚ್ಚಿ, ರಫ್ ಹಾಳೆಯಲ್ಲಿ ಮೂರು ವರ್ಷದ ಖಾತೆ ಮಾಡಿ, ಆಮೇಲೆ ತೆರೆದು ತಾಳೆ ನೋಡುತ್ತಾಳೆ.