ಒಂದೇ ವಿಷಲ್, 42 ಮಕ್ಕಳು: ಸರ್ಕ್ಯೂಟ್ ಕ್ಲಾಸನ್ನು ಮೂರು ಥರ ಮಾಡಿ ನೋಡಿದೆ

ಮಂಡ್ಯ ಹತ್ತಿರದ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮೇಷ್ಟ್ರು. ಒಂಬತ್ತನೇ ಕ್ಲಾಸಿನಲ್ಲಿ 42 ಮಕ್ಕಳು. ಅದರಲ್ಲಿ ದಿನಾ ಸಂಜೆ ಖೋ ಖೋ ಆಡುವ ಹುಡುಗಿಯರಿದ್ದಾರೆ. ರಜೆ ಬಂದರೆ ಅಪ್ಪನ ಜೊತೆ ಕಬ್ಬಿನ ಕಟ್ಟು ಹೊರುವ ಹುಡುಗರಿದ್ದಾರೆ. ಹತ್ತು ಬಸ್ಕಿಗೇ ಏದುಸಿರು ಬಿಡುವವರೂ ಇದ್ದಾರೆ. ಇವರೆಲ್ಲರಿಗೂ ಒಟ್ಟಿಗೆ ಸರ್ಕ್ಯೂಟ್, ಅಂದರೆ ಸ್ಟೇಷನ್‌ನಿಂದ ಸ್ಟೇಷನ್‌ಗೆ ಹೋಗುತ್ತಾ ಬೇರೆ ಬೇರೆ ವ್ಯಾಯಾಮ, ಮಾಡಿಸಬೇಕು, ಅದೂ 40 ನಿಮಿಷದ ಪೀರಿಯಡ್‌ನಲ್ಲಿ.

ಹಾಜರಿ ಹಾಕಿ ಮೈದಾನಕ್ಕೆ ಬರಲು 5 ನಿಮಿಷ ಹೋಗುತ್ತದೆ. ಮೈ ಬಿಸಿ ಮಾಡಲು 6, ಹೇಗೆ ಮಾಡಬೇಕೆಂದು ತೋರಿಸಲು 5, ಕೊನೆಗೆ ಸುಧಾರಿಸಿಕೊಳ್ಳಲು 4. ನಿಜವಾದ ಸರ್ಕ್ಯೂಟ್‌ಗೆ ಉಳಿಯುವುದು 20 ನಿಮಿಷ ಮಾತ್ರ. ಏಳು ಸ್ಟೇಷನ್, ಒಂದೊಂದರಲ್ಲಿ ಆರು ಮಕ್ಕಳು: ಬಸ್ಕಿ, ದಂಡ, ಷಟಲ್ ಓಟ, ಕ್ರಂಚ್, ಮೆಟ್ಟಿಲು ಹತ್ತಿ ಇಳಿಯುವುದು, ಮರಳು ತುಂಬಿದ ಬಾಟಲಿ ಎತ್ತುವುದು, ಹಗ್ಗ ಜಿಗಿತ. ಕಾಲಿನ ಕೆಲಸ ಆದ ಮೇಲೆ ಕೈಯದೋ ಹೊಟ್ಟೆಯದೋ ಬರುವ ಹಾಗೆ ಜೋಡಿಸಿದ್ದೇನೆ. ಕಾಲು ದಣಿದಾಗ ಕೈ ಕೆಲಸ ಮಾಡುತ್ತದೆ, ಮಗು ನಿಲ್ಲುವುದಿಲ್ಲ.

ಮೊದಲು ಮಾಡಿಸಿದ್ದು ಎಣಿಕೆಯ ಸರ್ಕ್ಯೂಟ್. ಪ್ರತಿ ಸ್ಟೇಷನ್‌ನಲ್ಲಿ ಎಲ್ಲರಿಗೂ 15 ಸಲ. ಮುಗಿಸಿದವರು ಮುಂದಕ್ಕೆ ಹೋಗಬೇಕು. ಖೋ ಖೋ ಹುಡುಗಿಯೊಬ್ಬಳು ಐದನೇ ನಿಮಿಷಕ್ಕೆ ಒಂದು ಸುತ್ತು ಮುಗಿಸಿ ಬಂದು ನಿಂತಳು. ಕೊನೆಯ ಹುಡುಗ ಮುಗಿಸಿದ್ದು ಹನ್ನೆರಡನೇ ನಿಮಿಷಕ್ಕೆ. ಈ ನಡುವೆ ಒಮ್ಮೆ ಮೆಟ್ಟಿಲ ಹತ್ತಿರ ಹನ್ನೊಂದು ಜನ ಸರದಿ ಕಾಯುತ್ತಿದ್ದರು. ಅದಕ್ಕಿಂತ ಬೇಜಾರಾಗಿದ್ದು ಬೇರೆ. ಆ ಕೊನೆಯ ಹುಡುಗ ಕ್ಲಾಸಿನಲ್ಲೇ ಹೆಚ್ಚು ಹೊತ್ತು ಕಷ್ಟಪಟ್ಟಿದ್ದ. ಎಲ್ಲರೂ ಕೂತು ನೋಡುತ್ತಿರುವಾಗ ಒಬ್ಬನೇ ಕೊನೆಯ ದಂಡ ಹಾಕಿದ. ಮುಂದಿನ ವಾರ ಹೊಟ್ಟೆನೋವು ಅಂದ. ನನಗೆ ಅರ್ಥವಾಯಿತು.

ಎಣಿಕೆಯಲ್ಲೇ ಇನ್ನೊಂದು ದಾರಿಯಿದೆ. 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಮತ್ತು ಆಡಮ್ಸನ್ ಸರ್ಕ್ಯೂಟ್ ಪದ್ಧತಿ ರೂಪಿಸಿದರು. ಅವರಲ್ಲಿ ಮೊದಲು ಪ್ರತಿಯೊಬ್ಬರೂ ಎಷ್ಟು ಮಾಡಬಲ್ಲರು ಅಂತ ನೋಡಿ, ಅದರ ಅರ್ಧ ಅವರವರ ಎಣಿಕೆ. ಯೋಚನೆ ತುಂಬಾ ಸರಿ. ಆದರೆ ನನ್ನಲ್ಲಿ ಪರೀಕ್ಷೆಗೇ ಒಂದು ಇಡೀ ಪೀರಿಯಡ್ ಹೋಯಿತು. ಅರ್ಧ ಸಾಕು ಅಂತ ಗೊತ್ತಾದ ಮಕ್ಕಳು ಪರೀಕ್ಷೆಯಲ್ಲೇ ಕಡಿಮೆ ಮಾಡಿಬಿಟ್ಟರು.

ಎರಡನೆಯದು, ಬ್ಯಾಚ್ ಪ್ರಕಾರ ಸಮಯ. 600 ಮೀಟರ್ ಓಡಿಸಿ ಮೂರು ಬ್ಯಾಚ್ ಮಾಡಿದೆ. ಚುರುಕಿನವರಿಗೆ 40 ಸೆಕೆಂಡ್ ಕೆಲಸ, 20 ಬಿಡುವು. ನಡುವಿನವರಿಗೆ 30-30. ನಿಧಾನದವರಿಗೆ 20-40. ಒಟ್ಟು ಎಲ್ಲರಿಗೂ ಒಂದು ನಿಮಿಷವೇ, ಹಾಗಾಗಿ ಸ್ಟೇಷನ್ ಬದಲಾಯಿಸುವುದು ಸುಲಭ. ಸರದಿ ಸಾಲು ಮಾಯವಾಯಿತು. ಬಿಡುವು ಜಾಸ್ತಿ ಸಿಕ್ಕಿದ್ದರಿಂದ ನಿಧಾನದವರು ಎರಡನೇ ಸುತ್ತನ್ನೂ ಮುಗಿಸಿದರು. ಇಷ್ಟು ಲಾಭ ನಿಜವಾಗಿಯೂ ಆಯಿತು.

ಆದರೆ ಒಂದು ನಿಮಿಷದೊಳಗೆ ನಾಲ್ಕು ವಿಷಲ್. ಇಪ್ಪತ್ತಕ್ಕೆ ಊದಿದರೆ ನಲವತ್ತರವರೂ ನಿಲ್ಲುತ್ತಿದ್ದರು. ಜೊತೆಗೆ ಮಕ್ಕಳು ಎರಡೇ ದಿನದಲ್ಲಿ ‘ವೀಕ್ ಬ್ಯಾಚ್’ ಅಂತ ಹೆಸರಿಟ್ಟರು. ಇದಕ್ಕಿಂತ ದೊಡ್ಡ ತಪ್ಪು ನನ್ನ ಲೆಕ್ಕದಲ್ಲೇ ಇತ್ತು. ಓಟದಲ್ಲಿ ಹಿಂದೆ ಬಿದ್ದ ಒಬ್ಬ ದಪ್ಪ ಹುಡುಗ ಬಾಟಲಿ ಎತ್ತುವುದರಲ್ಲಿ ಎಲ್ಲರಿಗಿಂತ ಮುಂದಿದ್ದ. ಅವನನ್ನು ಇಪ್ಪತ್ತು ಸೆಕೆಂಡಿಗೆ ನಿಲ್ಲಿಸುತ್ತಿದ್ದೆ. ಚೆನ್ನಾಗಿ ಓಡುವ ಹುಡುಗಿಗೆ ನೆಲದ ಮೇಲೆ ಒಂದು ದಂಡವೂ ಆಗುತ್ತಿರಲಿಲ್ಲ. ಅವಳನ್ನು ನಲವತ್ತು ಸೆಕೆಂಡ್ ಒದ್ದಾಡಿಸುತ್ತಿದ್ದೆ. ಕಾಲಿನ ಶಕ್ತಿ, ಕೈಯ ಶಕ್ತಿ, ದಮ್ಮು ಮೂರೂ ಬೇರೆ ಬೇರೆ ಅಲ್ವಾ? ಒಂದು ಓಟ ನೋಡಿ ಇಡೀ ಮಗುವಿಗೆ ಒಂದು ಬ್ಯಾಚ್ ಕೊಟ್ಟಿದ್ದು ನನ್ನ ತಪ್ಪು.

ಈಗ ಮಾಡಿಸುತ್ತಿರುವುದು ಮೂರನೆಯದು. ಸಮಯ ಎಲ್ಲರಿಗೂ ಒಂದೇ, 30 ಸೆಕೆಂಡ್ ಕೆಲಸ, 30 ಸೆಕೆಂಡ್‌ನಲ್ಲಿ ಜಾಗ ಬದಲಾವಣೆ. ವಿಷಲ್ ಎರಡೇ. ಬದಲಾಗುವುದು ಕೆಲಸದ ರೀತಿ. ಪ್ರತಿ ಸ್ಟೇಷನ್‌ನಲ್ಲೂ ಮೂರು ಹಂತ, ರಟ್ಟಿನ ಮೇಲೆ ಚಿತ್ರ ಬರೆದು ಇಟ್ಟಿದ್ದೇನೆ. ಏಳು ನಿಮಿಷಕ್ಕೆ ಒಂದು ಸುತ್ತು, ನಡುವೆ ಎರಡು ನಿಮಿಷ ನೀರು, ಮತ್ತೊಂದು ಸುತ್ತು. ಹದಿನಾರು ನಿಮಿಷಕ್ಕೆ ಮುಗಿಯುತ್ತದೆ, ನಾಲ್ಕು ನಿಮಿಷ ಕೈಯಲ್ಲಿ ಉಳಿಯುತ್ತದೆ.

ದಂಡದ ಸ್ಟೇಷನ್ ನೋಡಿ. ನೆಲದ ಮೇಲೆ ಪೂರ್ತಿ ದಂಡ ಹಾಕುವಾಗ ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು ಕೈ ಮೇಲೆ ಬೀಳುತ್ತದೆ. ಮಂಡಿ ಊರಿದರೆ ಹೆಚ್ಚೂಕಡಿಮೆ ಅರ್ಧ. ಕೈ ಎತ್ತರದಲ್ಲಿದ್ದಷ್ಟೂ ಭಾರ ಕಡಿಮೆ. ಹಾಗಾಗಿ ನನ್ನ ಮೂರು ಹಂತ ಗೋಡೆ, ಜಗಲಿಯ ಅಂಚು, ನೆಲ. ಮಂಡಿ ಊರುವುದನ್ನು ಬಿಟ್ಟೆ, ನಮ್ಮ ಮೈದಾನದ ಜಲ್ಲಿಕಲ್ಲು ಚುಚ್ಚುತ್ತದೆ. ಗೋಡೆಯಾದರೆ ಮೈ ನೇರ ಇಡುವುದನ್ನು ಮೊದಲ ದಿನವೇ ಕಲಿಯಬಹುದು. ಈ ಸ್ಟೇಷನ್ನನ್ನು ಕಟ್ಟಡದ ಪಕ್ಕಕ್ಕೆ ತಂದೆ, ಹಿಂದೆ ಯಾರೂ ನಿಲ್ಲದ ಹಾಗೆ. ಆಮೇಲೆಯೇ ಹುಡುಗಿಯರು ಸಂಕೋಚವಿಲ್ಲದೆ ಮಾಡಿದ್ದು.

ಹಂತವನ್ನು ಅವರೇ ಆರಿಸಲಿ ಅಂತ ಬಿಟ್ಟಾಗ ಹುಡುಗರೆಲ್ಲ ಮೂರಕ್ಕೆ ಓಡಿದರು. ಗೆಳತಿಯರೆಲ್ಲ ಒಂದರಲ್ಲೇ ಒಟ್ಟಿಗೆ ನಿಂತರು. ಅದಕ್ಕೆ ಒಂದು ಕಟ್ಟುಪಾಡು ಮಾಡಿದೆ. ಮೊದಲ ದಿನ ಎಲ್ಲರೂ ಎರಡನೇ ಹಂತ. ಜೋಡಿಯಲ್ಲಿ ಒಬ್ಬರು ಮಾಡುವುದು, ಇನ್ನೊಬ್ಬರು ಎಣಿಸುವುದು. ಸೊಂಟ ಕುಸಿದದ್ದು ಲೆಕ್ಕಕ್ಕಿಲ್ಲ. ದಂಡದಲ್ಲಿ 30 ಸೆಕೆಂಡಿಗೆ ಎಂಟಕ್ಕಿಂತ ಕಡಿಮೆಯಾದರೆ ಒಂದನೇ ಹಂತ, ಹದಿನೈದು ದಾಟಿದರೆ ಮೂರು. ಇದು ನನ್ನ ಮಕ್ಕಳನ್ನು ನೋಡಿ ಇಟ್ಟುಕೊಂಡ ಅಳತೆ. ಬಸ್ಕಿಗೆ ಬೇರೆ ಇದೆ. ಜೋಡಿಯಾಗಿ ಎಣಿಸುವುದರಿಂದ ಆ ದಿನ ಒಂದೇ ಸುತ್ತು, ಪರವಾಗಿಲ್ಲ.

ಹಂತ ಸರಿಯಿದೆಯೇ ಅಂತ ಹೇಳುವುದು ಎರಡನೇ ಸುತ್ತು. ಆ ದಪ್ಪ ಹುಡುಗ ಜಗಲಿಯಲ್ಲಿ ಮೊದಲ ಸುತ್ತಿಗೆ 12 ಹಾಕಿದ, ಎರಡನೆಯದರಲ್ಲಿ 7. ಮೂರರಲ್ಲಿ ಎರಡು ಪಾಲಿಗಿಂತ ಕೆಳಗಿಳಿದರೆ ಹಂತ ಜಾಸ್ತಿಯಾಯಿತು ಅಂತ. ಗೋಡೆಗೆ ಕಳಿಸಿದೆ, ಅಲ್ಲಿ 16, ಆಮೇಲೆ 14. ಬಾಟಲಿಯಲ್ಲಿ ಮಾತ್ರ ಅವನು ಮೂರನೇ ಹಂತದಲ್ಲೇ ಇದ್ದ. ಈಗ ‘ವೀಕ್’ ಅನ್ನುವ ಮಾತಿಗೆ ಜಾಗವೇ ಇಲ್ಲ, ಏಕೆಂದರೆ ಎಲ್ಲ ಕಡೆ ಒಂದೇ ಹಂತದಲ್ಲಿ ಇರುವ ಮಗು ನನ್ನ ಕ್ಲಾಸಿನಲ್ಲಿ ಒಂದೂ ಸಿಗಲಿಲ್ಲ.

ನಾಡಿ ಎಣಿಸುವುದನ್ನೂ ನೋಡಿದೆ. ಹತ್ತು ಸೆಕೆಂಡ್ ಎಣಿಸಿ ಆರರಿಂದ ಗುಣಿಸುವಾಗ ಒಂದು ಬಡಿತ ತಪ್ಪಿದರೂ ಆರರ ವ್ಯತ್ಯಾಸ. ದಣಿದ ಮಕ್ಕಳು ಒಂದೆರಡು ತಪ್ಪಿಸಿಯೇ ತಪ್ಪಿಸುತ್ತಾರೆ. ಅದರ ಬದಲು ಹತ್ತಿರ ಹೋಗಿ “ನಿನ್ನ ಹೆಸರು, ಅಪ್ಪನ ಹೆಸರು, ಊರು ಹೇಳು” ಅನ್ನುತ್ತೇನೆ. ಒಂದೇ ಉಸಿರಿಗೆ ಹಾಯಾಗಿ ಹೇಳಿದರೆ ಹಂತ ಏರಿಸಬಹುದು. ಎರಡು ಮೂರು ಕಡೆ ನಿಲ್ಲಿಸಿ ಹೇಳಿದರೆ ಸರಿಯಿದೆ. ಮಾತೇ ಹೊರಡದಿದ್ದರೆ ಆ ಸ್ಟೇಷನ್ ಬಿಟ್ಟು ನಡೆಯಲು ಹೇಳುತ್ತೇನೆ. ಉಬ್ಬಸ ಇರುವ ಇಬ್ಬರಿಗೆ ಮೈ ಬಿಸಿ ಮಾಡುವುದೇ ಹೆಚ್ಚು ಹೊತ್ತು. ಇನ್‌ಹೇಲರ್ ಬ್ಯಾಗಿನಲ್ಲಲ್ಲ, ನನ್ನ ಜೇಬಿನಲ್ಲಿರುತ್ತದೆ. ಬಿಸಿಯೂಟ ಆದ ತಕ್ಷಣದ ಪೀರಿಯಡ್‌ನಲ್ಲಿ ಮಾತ್ರ ಯಾವ ಥರದ್ದನ್ನೂ ಮಾಡಿಸುವುದಿಲ್ಲ.

ಮೂರನೇ ರೀತಿಯಲ್ಲೂ ಸರಿಹೋಗದೆ ಉಳಿದಿರುವುದು ಹಗ್ಗದ ಸ್ಟೇಷನ್. ಅಲ್ಲಿ ನಿಲ್ಲಿಸುವುದು ದಣಿವಲ್ಲ, ಕಾಲಿಗೆ ಸಿಕ್ಕುವ ಹಗ್ಗ. ಹದಿನೈದು ಸೆಕೆಂಡ್ ಬಿಡಿಸಿಕೊಳ್ಳುವುದರಲ್ಲೇ ಹೋಗುತ್ತದೆ. ಈ ತಿಂಗಳು ಒಂದನೇ ಹಂತದವರಿಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಹಗ್ಗವಿಲ್ಲದೆ ಆಚೆ ಈಚೆ ಜಿಗಿಸುತ್ತಿದ್ದೇನೆ.